ಅವ್ವನ ಕೈಗೆ ಕೊಟ್ಟ ಸ್ವಾಗತ ಪತ್ರ

ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಹೀಗಾಗಿ ನಾನು ಅಕ್ಷರ ಕಲಿತ ದಿನದಿಂದ ಅವಳ ಪರವಾಗಿ ಮಾತಾಡುವ ಕೆಲಸ ನನ್ನದಾಯಿತು. ಅಜ್ಜಂಪುರದ ಸೊಸೈಟಿ, ಬ್ಯಾಂಕು, ಅಮಲ್ದಾರರ ಕಚೇರಿ ಎಲ್ಲೇ ಆಗಲಿ, ಗುಮಾಸ್ತ ಕೇಳುವುದು ಅವಳನ್ನು, ಉತ್ತರ ಹೋಗುವುದು ನನ್ನಿಂದ. ನಮ್ಮ ಕಡೆ ಇದೇನೂ ವಿಶೇಷವಲ್ಲ. ಓದಿದ ಮಗುವನ್ನು ಮುಂದೆ ಬಿಟ್ಟು ದೊಡ್ಡವರು ಹಿಂದೆ ನಿಲ್ಲುತ್ತಾರೆ. ಎಷ್ಟೋ ಸಲ ಕೇಳಿದವರಿಗೂ ಹೇಳಿದವರಿಗೂ ಹಿಂದೆ ನಿಂತವರ ನೆನಪೇ ಇರುವುದಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕಡೂರಿನಲ್ಲಿ ಬಿ.ಎ. ಓದುತ್ತಿದ್ದೆ. ಬೆಳಗಿನ ಪ್ಯಾಸೆಂಜರ್ ಹಿಡಿದು ಹೋಗಿ ಸಂಜೆಯದರಲ್ಲಿ ವಾಪಸು. ಚರ್ಚಾಸ್ಪರ್ಧೆಗಳಲ್ಲಿ ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ, ಎರಡರಲ್ಲೂ ಗೆದ್ದು ಬರುತ್ತಿದ್ದೆ. ರೈಲಿನಲ್ಲಿ ಸೀಟಿಗಾಗಿ ಜಗಳವಾದರೆ ಹುಡುಗಿಯರು ನನ್ನನ್ನೇ ಮುಂದೆ ತಳ್ಳುತ್ತಿದ್ದರು. ದೇವರು, ಜ್ಯೋತಿಷ್ಯ, ಮಠದ ವಿಭೂತಿ, ಪ್ರೊಫೆಸರರ ನೋಟ್ಸು ಯಾವುದನ್ನೂ ನಾನು ಪರೀಕ್ಷೆ ಮಾಡದೆ ಒಪ್ಪುತ್ತಿರಲಿಲ್ಲ. "ಇವಳ ಗಂಡನಾಗೋನು ವಕೀಲ್ರನ್ನ ಜೊತೇಲೇ ಕರ್ಕೊಂಡ್ ಬರಬೇಕು" ಎಂದು ಅಪ್ಪ ಅಂಗಡಿಯಲ್ಲಿ ಕೂತವರಿಗೆ ಹೇಳಿ ನಗುತ್ತಿದ್ದ.

ಅಪ್ಪನದು ಗೊಬ್ಬರ ಮತ್ತು ಬೆಳೆಗೆ ಹೊಡೆಯುವ ಔಷಧದ ಅಂಗಡಿ. ಅಂಗಡಿ ಚಿಕ್ಕದು, ಆದ್ದರಿಂದ ದಾಸ್ತಾನೆಲ್ಲ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ. ಅದರ ವಾಸನೆ ನಮ್ಮ ಮೂಗಿಗೆ ಅಭ್ಯಾಸವಾಗಿಹೋಗಿತ್ತು.

ಆ ವರ್ಷ ಅವ್ವನ ನಿದ್ದೆ ಹೋಯಿತು. ಮೊದಲು ಬೆಳಗಿನ ಜಾವ ಏಳುತ್ತಿದ್ದಳು, ಆಮೇಲೆ ಮಲಗುವುದನ್ನೇ ಬಿಟ್ಟಳು. ಒಲೆಯ ಮೇಲೆ ಹಾಲಿಟ್ಟು ಅದು ಉಕ್ಕುವುದನ್ನು ನೋಡುತ್ತಾ ನಿಂತಿರುತ್ತಿದ್ದಳು. ನೋಡುತ್ತಿದ್ದಳು, ಇಳಿಸುತ್ತಿರಲಿಲ್ಲ. ತರೀಕೆರೆಯ ಒಬ್ಬ ಡಾಕ್ಟರ ಬಳಿಗೆ ನಾನೇ ಕರೆದುಕೊಂಡು ಹೋದೆ. ಅವರು ರಕ್ತ ನೋಡಿದರು, ಎದೆ ನೋಡಿದರು, ಏನೂ ಸಿಗಲಿಲ್ಲ. "ಬುಧವಾರ ನಮ್ಮ ಹಿಂದಿನ ರೂಮಿಗೆ ಒಬ್ಬರು ಮೇಡಂ ಬರ್ತಾರೆ. ಔಷಧಿ ಕೊಡಲ್ಲ, ಕೂತು ಮಾತಾಡಿಸ್ತಾರೆ. ಬೆಂಗಳೂರಲ್ಲಿ ಅದನ್ನೇ ಓದಿದವರು. ಅವರ ಹತ್ರ ಒಂದ್ಸಲ ಹೋಗಿ ಬನ್ನಿ" ಎಂದರು.

ಮಾತಾಡಿಸುವುದಕ್ಕೂ ಒಂದು ಓದೇ? ಬಸ್ಸಿನಲ್ಲಿ ವಾಪಸು ಬರುವಾಗ ಇದನ್ನು ನಾನು ಅವ್ವನೆದುರು ತುಂಡು ತುಂಡು ಮಾಡಿದೆ. ಮಾತಿನಿಂದ ಕಾಯಿಲೆ ವಾಸಿಯಾಗುವುದಾದರೆ ನಮ್ಮ ಬೀದಿಯಲ್ಲಿ ಯಾರಿಗೂ ಕಾಯಿಲೆ ಬರಬಾರದಿತ್ತು ಎಂದೆ. ಅವ್ವ ಕಿಟಕಿಯಾಚೆ ನೋಡುತ್ತಾ, "ಬುಧ್ವಾರ ಹೋಗನ ಕಣೇ" ಎಂದಳು. ಅವಳು ಬಾಯಿಬಿಟ್ಟು ಏನಾದರೂ ಬೇಕು ಎಂದು ಕೇಳಿ ತಿಂಗಳುಗಳಾಗಿದ್ದವು. ಬುಧವಾರ ಮತ್ತೆ ಬಸ್ಸು ಹತ್ತಿದೆವು.

ಆ ರೂಮಿನಲ್ಲಿ ಮೂರು ಬೆತ್ತದ ಕುರ್ಚಿ, ಒಂದು ನೀರಿನ ಹೂಜಿ, ಬೀಗ ಹಾಕಿದ ಒಂದು ಕಬ್ಬಿಣದ ಕಪಾಟು ಇದ್ದವು. ಮೇಡಂಗೆ ನಲವತ್ತರ ಆಸುಪಾಸು. ಅವ್ವನನ್ನು ಕೂರಿಸಿ, ಎಷ್ಟು ದಿನದಿಂದ ನಿದ್ದೆಯಿಲ್ಲ ಎಂದು ಕೇಳಿದರು.

"ನಾಲ್ಕು ತಿಂಗಳಿಂದ" ಎಂದೆ ನಾನು.

"ಊಟ ಸೇರುತ್ತಾ ಅಮ್ಮ?"

"ಒಂದು ಹೊತ್ತು ತಿಂತಾಳೆ" ಎಂದೆ.

ಮೇಡಂ ನನ್ನ ಕಡೆ ತಿರುಗಲಿಲ್ಲ. ಅವ್ವನನ್ನೇ ನೋಡುತ್ತಾ, ದನಿಯನ್ನು ಏರಿಸದೆ ಇಳಿಸದೆ ಕೇಳಿದರು: "ಬದುಕೋದೇ ಬೇಡ ಅಂತ ಯಾವಾಗಾದ್ರೂ ಅನ್ನಿಸಿದೆಯಾ?"

"ಛೆ ಛೆ, ಅಂಥದ್ದೇನೂ ಇಲ್ಲ!" ಎಂದೆ. ಗುಮಾಸ್ತನೊಬ್ಬ ಸಾಲ ಬಾಕಿ ಇದೆಯೇ ಎಂದು ಕೇಳಿದಾಗ ಹೇಳುತ್ತಿದ್ದೆನಲ್ಲ, ಅದೇ ಧಾಟಿಯಲ್ಲಿ. "ನಮ್ಮವ್ವ ಅಂಥೋಳಲ್ಲ. ನಿದ್ದೆ ಒಂದು ಬಂದ್ರೆ ಸಾಕು."

ಅವ್ವ ತಲೆಯಾಡಿಸಿದಳು. ನಾನು ಏನು ಹೇಳಿದರೂ ಅವಳು ಹಾಗೇ ತಲೆಯಾಡಿಸುತ್ತಿದ್ದಳು, ಬ್ಯಾಂಕಿನಲ್ಲೂ ಅಷ್ಟೆ.

ಮೇಡಂ ಆಗ ನನ್ನ ಕಡೆ ತಿರುಗಿದರು. "ನೀವು ಈಗ ಹೊರಗೆ ಕೂತಿರಿ."

"ಅವಳಿಗೆ ಓದಕ್ಕೆ ಬರಲ್ಲ ಮೇಡಂ. ನೀವು ಏನಾದ್ರೂ ಬರೆದುಕೊಟ್ರೆ ಓದೋರು ಬೇಕಲ್ಲ."

"ನಾನೇ ಓದ್ತೀನಿ."

"ಹೇಳಿದ್ದು ಅವಳಿಗೆ ಅರ್ಥ ಆಗದೇ ಹೋದ್ರೆ?"

"ಅರ್ಥ ಆಯ್ತಾ ಅಂತ ಅವರನ್ನೇ ಕೇಳ್ತೀನಿ."

"ನಾನು ಮಗಳು. ನನಗೆ ಹಕ್ಕಿಲ್ವಾ?"

"ಅವರು ಕರೆದರೆ ಇದೆ" ಎಂದು ಹೇಳಿ ಅವ್ವನನ್ನು ನೋಡಿದರು. "ಅಮ್ಮ, ಮಗಳು ಇರಲೋ, ಹೊರಗಿರಲೋ?"

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಹೊರ್ಗಿರ್ಲಿ ಬಿಡಿ" ಎಂದಳು.

ನನಗೆ ಯಾವ ಸ್ಪರ್ಧೆಯಲ್ಲೂ ಅಂಥ ಸೋಲಾಗಿರಲಿಲ್ಲ. ಹೊರಗಿನ ಬೆಂಚಿನಲ್ಲಿ ಕೂರಲಾಗಲಿಲ್ಲ, ನಿಂತೆ. ನಿಲ್ಲಲಾಗಲಿಲ್ಲ, ಓಡಾಡಿದೆ. ಡಾಕ್ಟರ ಕಾಂಪೌಂಡರ್ ಸೀಸೆಗೆ ಚೀಟಿ ಅಂಟಿಸುತ್ತಾ, "ಕೂತ್ಕಳ್ಳಿ ಅಕ್ಕ, ನೆಲ ಸವ್ದು ಹೋಗುತ್ತೆ" ಎಂದ. ಹೊಸಬರಿಗೆಂದು ಇಟ್ಟಿದ್ದ ಸೈಕ್ಲೋಸ್ಟೈಲ್ ಹಾಳೆಗಳು ಅವನ ಮೇಜಿನ ಮೇಲಿದ್ದವು. ಒಂದನ್ನು ಕೇಳಿ ತೆಗೆದುಕೊಂಡೆ. ಮೇಡಂ ಒಳಗೆ ಓದುತ್ತಿದ್ದುದೂ ಇದನ್ನೇ.

'ಬನ್ನಿ. ಇಲ್ಲಿಗೆ ಬರುವುದು ಸುಲಭವಲ್ಲವೆಂದು ಗೊತ್ತು' ಎಂದು ಶುರುವಾಗುತ್ತಿತ್ತು.

'ನೀವು ಹೇಳಿದ್ದು ಈ ಕೋಣೆ ಬಿಟ್ಟು ಹೋಗುವುದಿಲ್ಲ. ಗಂಡ, ಮಕ್ಕಳು, ಅತ್ತೆ ಮಾವ ಯಾರು ಬಂದು ಕೇಳಿದರೂ ನಾನು ಹೇಳುವುದಿಲ್ಲ. ನೀವು ಇಲ್ಲಿಗೆ ಬರುತ್ತೀರಿ ಎಂಬುದನ್ನೂ ಹೇಳುವುದಿಲ್ಲ. ನಾನು ಬರೆದುಕೊಳ್ಳುವುದು ಬೀಗದಲ್ಲಿರುತ್ತದೆ. ನನಗೆ ಪಾಠ ಹೇಳಿದವರೊಬ್ಬರ ಸಲಹೆ ಕೇಳಬೇಕಾಗಬಹುದು, ಆಗ ನಿಮ್ಮ ಹೆಸರು ಊರು ತಿಳಿಸುವುದಿಲ್ಲ. ಸಂತೆಯಲ್ಲಿ ಸಿಕ್ಕರೆ ನಾನಾಗಿ ಮಾತಾಡಿಸುವುದಿಲ್ಲ, ತಪ್ಪು ತಿಳಿಯಬೇಡಿ. ನೀವು ಮಾತಾಡಿಸಿದರೆ ಮಾತಾಡುತ್ತೇನೆ.'

'ಮೂರು ಸಂದರ್ಭದಲ್ಲಿ ಮಾತ್ರ ಮೌನ ಮುರಿಯಬೇಕಾಗುತ್ತದೆ. ನಿಮ್ಮ ಜೀವಕ್ಕೆ ಅಪಾಯವಿದ್ದರೆ, ನಿಮ್ಮಿಂದ ಬೇರೆಯವರಿಗೆ ಅಥವಾ ಯಾರಿಂದಲಾದರೂ ಒಂದು ಮಗುವಿಗೆ ಅಪಾಯವಿದ್ದರೆ, ಕೋರ್ಟು ಆಜ್ಞೆ ಮಾಡಿದರೆ. ಆಗಲೂ ಎಷ್ಟು ಬೇಕೋ ಅಷ್ಟೇ. ಸಾಧ್ಯವಿದ್ದಷ್ಟೂ ಮೊದಲು ನಿಮಗೆ ಹೇಳಿಯೇ.'

ಪೆನ್ನು ತೆಗೆದು ಅಂಚಿನಲ್ಲಿ ಬರೆದೆ: ಗುಟ್ಟು ಎಂದ ಮೇಲೆ ವಿನಾಯಿತಿ ಯಾಕೆ? ವಿನಾಯಿತಿ ಇದ್ದರೆ ಗುಟ್ಟು ಹೇಗೆ?

ಮುಂದೆ ನಿಯಮಗಳು. ವಾರಕ್ಕೊಂದು ಸಲ, ಐವತ್ತು ನಿಮಿಷ. ತಡವಾಗಿ ಬಂದರೂ ಹೊತ್ತಿಗೆ ಸರಿಯಾಗಿ ಮುಗಿಸಬೇಕು, ನಿಮ್ಮ ಹಿಂದೆ ಇನ್ನೊಬ್ಬರು ಕಾದಿರುತ್ತಾರೆ. ಬರಲಾಗದಿದ್ದರೆ ಹಿಂದಿನ ದಿನವೇ ಹೇಳಿ ಕಳಿಸಿ. ಯಾವ ಪ್ರಶ್ನೆಗಾದರೂ ಉತ್ತರ ಕೊಡುವುದಿಲ್ಲ ಎನ್ನಬಹುದು. ಯಾವಾಗ ಬೇಕಾದರೂ ಬರುವುದು ನಿಲ್ಲಿಸಬಹುದು. ಕಾಯಿ, ಬಾಳೆಹಣ್ಣು, ಈರುಳ್ಳಿ, ಏನನ್ನೂ ತರಬೇಡಿ. ಫೀಸು ಒಂದು ಸಲಕ್ಕೆ ಹತ್ತು ರೂಪಾಯಿ. ಕಷ್ಟವಾದರೆ ಮೊದಲ ದಿನವೇ ಹೇಳಿ, ಕಡಿಮೆ ಮಾಡೋಣ ಅಥವಾ ಬಿಡೋಣ, ಅದರಿಂದ ನಿಮ್ಮನ್ನು ನೋಡುವ ರೀತಿ ಬದಲಾಗುವುದಿಲ್ಲ.

ಕೊನೆಯಲ್ಲಿ, ಉಳಿದದ್ದಕ್ಕಿಂತ ದಪ್ಪ ಅಕ್ಷರದಲ್ಲಿ: 'ನಾನು ಬುಧವಾರ ಮಾತ್ರ ಸಿಗುತ್ತೇನೆ. ಬದುಕು ಬೇಡವೆನ್ನಿಸಿದ ಹೊತ್ತಿನಲ್ಲಿ ಬುಧವಾರಕ್ಕಾಗಿ ಕಾಯಬೇಡಿ. ಒಬ್ಬರೇ ಇರಬೇಡಿ. ನಾವಿಬ್ಬರೂ ಮೊದಲೇ ಗೊತ್ತುಮಾಡಿಕೊಂಡ ಒಬ್ಬರ ಬಳಿ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅವರೊಂದಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಯಾವ ಹೊತ್ತಾದರೂ ಸರಿ. ಅದು ನಾಚಿಕೆಯ ವಿಷಯವಲ್ಲ.'

ಬಾಗಿಲು ತೆರೆಯಿತು. ನನ್ನನ್ನು ಒಳಗೆ ಕರೆದರು. ಅವ್ವನ ಕಣ್ಣು ಕೆಂಪಗಿತ್ತು, ಆದರೆ ಬೆನ್ನು ಕುರ್ಚಿಗೆ ಒರಗಿತ್ತು.

"ನಿಮ್ಮ ತಾಯಿ ಒಪ್ಪಿದ್ದಾರೆ. ಅವರೆದುರಿಗೇ ಇಷ್ಟು ಹೇಳ್ತೀನಿ" ಎಂದರು ಮೇಡಂ. "ಬದುಕು ಸಾಕು ಅಂತ ಅವರಿಗೆ ಅನ್ನಿಸ್ತಿದೆ. ಇವತ್ತು ಏನೂ ಮಾಡ್ಕೊಳ್ಳೋ ಯೋಚನೆ ಇಲ್ಲ ಅಂದಿದ್ದಾರೆ. ಡಾಕ್ಟರಿಗೂ ತಿಳಿಸ್ತೀನಿ, ಈಗಲೇ ನೋಡ್ತಾರೆ. ಮನೇಲಿರೋ ಔಷಧದ ದಾಸ್ತಾನು ಇವತ್ತೇ ಬೇರೆ ಕಡೆ ಹೋಗಬೇಕು. ಸದ್ಯ ಅವರೊಬ್ಬರನ್ನೇ ಬಿಡಬೇಡಿ."

ಐವತ್ತು ನಿಮಿಷದ ಹಿಂದೆ ನಾನೇ 'ಛೆ ಛೆ' ಎಂದಿದ್ದೆ. ಆ ಎರಡಕ್ಷರ ಬಾಯಿಯೊಳಗೆ ಕಹಿಯಾಗಿ ಕೂತಿತು. ಆದರೂ ಬಾಯಿ ಸುಮ್ಮನಿರಲಿಲ್ಲ. "ಯಾಕೆ ಹಂಗನ್ನಿಸ್ತಿದೆ? ಏನಾಗಿದೆ ಅವಳಿಗೆ?"

"ಅದು ಅವರದು."

"ಕಾರಣ ಗೊತ್ತಿಲ್ಲದೆ ನಾನು ಹೇಗೆ ಕಾಯಲಿ?"

"ಕಾಯೋದಕ್ಕೆ ಕಾರಣ ಬೇಕಾಗಲ್ಲ. ಜೊತೆಗಿದ್ರೆ ಸಾಕು."

ಇದಕ್ಕೆ ನನ್ನ ಬಳಿ ಪ್ರತಿವಾದವಿತ್ತು. ಡಾಕ್ಟರು ಒಳಗೆ ಬಂದರು, ಅದು ಹೊರಗೆ ಬರಲಿಲ್ಲ.

ಅವತ್ತು ಸಂಜೆ ಅಪ್ಪನೆದುರು ನಿಂತೆ. ಏನು ಹೇಳಬಹುದು, ಏನು ಹೇಳಬಾರದು ಎಂಬುದು ಅವ್ವ ಮತ್ತು ಮೇಡಂ ಕೂಡಿ ಗೊತ್ತುಮಾಡಿದ್ದು.

"ಮುಂದಿನ ಕೋಣೇಲಿರೋ ಔಷಧ ಎಲ್ಲ ಇವತ್ತೇ ಮನೆಯಿಂದ ಹೋಗಬೇಕು ಅಪ್ಪ."

"ಎಲ್ಲಿಗ್ ಹೋಗ್ಬೇಕಮ್ಮ? ನಿಮ್ ಕಾಲೇಜಿಗಾ?"

"ಅವ್ವನ ಜೀವಕ್ಕೆ ಅದು ಹತ್ರ ಇರಬಾರದು. ಡಾಕ್ಟ್ರು ಹೇಳಿದಾರೆ. ಯಾಕೆ ಅಂತ ಕೇಳಬೇಡ, ನಂಗೂ ಗೊತ್ತಿಲ್ಲ."

ಅಪ್ಪ ಕನ್ನಡಕ ತೆಗೆದ. ಜೋಕು ಹೇಳಲು ತೆರೆದ ಬಾಯಿ ಹಾಗೇ ಇತ್ತು. ಒಳಗೆ ಅವ್ವ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು. ಆಮೇಲೆ ಒಂದು ಪ್ರಶ್ನೆಯನ್ನೂ ಕೇಳದೆ ಗಾಡಿಯವನಿಗೆ ಹೇಳಿ ಕಳಿಸಿದ. ಕತ್ತಲಾಗುವ ಮೊದಲೇ ಕೊನೆಯ ಡಬ್ಬವೂ ಹೋಗಿ ಶಿವನಿ ರಸ್ತೆಯ ಗೋಡೌನು ಸೇರಿ ಬೀಗ ಬಿತ್ತು. ಬೀಗದ ಕೈ ಅಪ್ಪನ ಕೊರಳಿನ ಲಿಂಗದ ಕರಡಿಗೆಯ ದಾರಕ್ಕೇ ಹೋಯಿತು. ಸ್ನಾನಕ್ಕೂ ತೆಗೆಯುತ್ತಿರಲಿಲ್ಲ.

ಅಪ್ಪನಿಗೆ ಸಾಧ್ಯವಾದದ್ದು ನನಗೆ ಸಾಧ್ಯವಾಗಲಿಲ್ಲ. ನನಗೆ ಗೊತ್ತಾಗಬೇಕಿತ್ತು. ನಾಲ್ಕು ಬುಧವಾರ ತರೀಕೆರೆಗೆ ಹೋಗಿ ಬಂದೆವು. ಪ್ರತಿ ಸಲ ಬಸ್ ಸ್ಟ್ಯಾಂಡಿನಲ್ಲಿ ಪಾಟೀ ಸವಾಲು ಶುರು. ಅಪ್ಪ ಏನಾದರೂ ಅಂದನೇ? ತವರಿನ ವಿಷಯವೇ? ನನ್ನ ಮದುವೆಯ ಚಿಂತೆಯೇ? ಅವ್ವ ಒಂದು ಸಲ, "ನೀನು ಪೋಲೀಸ್ ಆಗು, ಚೆನ್ನಾಗಿರ್ತದೆ" ಎಂದಳು. ರೈಲಿನಲ್ಲಿ ಪುಸ್ತಕ ತೆರೆದರೆ ಸಾಲುಗಳು ಓಡುತ್ತಿದ್ದವು. ನಾನು ಕಾಲೇಜಿಗೆ ಹೋದಾಗ ಪಕ್ಕದ ಮನೆಯ ಅತ್ತೆ ಬೀಡಿ ಕಟ್ಟುವ ಮೊರ ಹಿಡಿದು ನಮ್ಮ ಪಡಸಾಲೆಗೆ ಬಂದು ಕೂರುತ್ತಿದ್ದರು. ಅವರ ಮನೆಮಾತು ದಖನಿ. ಅವ್ವನ ಜೊತೆ ಕನ್ನಡದಲ್ಲಿ ದಿನವಿಡೀ ಹರಟುತ್ತಿದ್ದರು. ಒಂಟಿಯಾಗಿ ಬಿಡಬೇಡಿ ಎಂದು ಅವ್ವನೇ ಅವರಿಗೆ ಹೇಳಿದ್ದಳಂತೆ. ನನಗೆ ಹೇಳದೆ ಅವರಿಗೆ ಎಷ್ಟು ಹೇಳಿದ್ದಾಳೆ? ಆ ಹೊಟ್ಟೆಕಿಚ್ಚು ಬೇರೆ.

ಒಂದು ಭಾನುವಾರ ಮಧ್ಯಾಹ್ನ ಅವ್ವ ಮೇಡಂ ಕೊಟ್ಟಿದ್ದ ಆ ಹಾಳೆಯನ್ನು ಅಕ್ಕಿ ಡಬ್ಬದಿಂದ ತೆಗೆದುಕೊಂಡು ಬಂದಳು. "ಒಂದ್ ಸಲ ಓದು. ಕೇಳ್ಬೇಕು ಅನ್ನಿಸ್ತದೆ."

ಓದತೊಡಗಿದೆ. ಗಂಡ, ಮಕ್ಕಳು, ಅತ್ತೆ ಮಾವ ಎಂಬ ಸಾಲು ಬಂತು. ನಾನು ಮಾಡಿದ್ದನ್ನು ಈಗಲೂ ಯಾರೆದುರೂ ಸಮರ್ಥಿಸಲಾರೆ. ತಡವರಿಸದೆ, ಅದೇ ದನಿಯಲ್ಲಿ ಸೇರಿಸಿದೆ: "'ಆದರೆ ಕಾಳಜಿ ಮಾಡುವ ಮಗಳಿದ್ದರೆ ಅವಳಿಗೆ ಎಲ್ಲವನ್ನೂ ತಿಳಿಸುವುದು ಒಳ್ಳೆಯದು. ನೀವೇ ಹೇಳಿದರೆ ಇನ್ನೂ ಒಳ್ಳೆಯದು.'"

"ಅದು ಅದರಾಗಿಲ್ಲ" ಎಂದಳು ಅವ್ವ.

"ಇದೆ ಕಣವ್ವ, ನೋಡು, ಇಲ್ಲೇ."

"ಇಲ್ಲ ಕಣೇ. ಗಂಡ, ಮಕ್ಕಳು, ಅತ್ತೆ ಮಾವ ಯಾರು ಬಂದು ಕೇಳಿದರೂ ನಾನು ಹೇಳುವುದಿಲ್ಲ. ನೀವು ಇಲ್ಲಿಗೆ ಬರುತ್ತೀರಿ ಎಂಬುದನ್ನೂ ಹೇಳುವುದಿಲ್ಲ. ನಾನು ಬರೆದುಕೊಳ್ಳುವುದು ಬೀಗದಲ್ಲಿರುತ್ತದೆ." ಪುಸ್ತಕದ ಕನ್ನಡ ಅವ್ವನ ಬಾಯಲ್ಲಿ, ಒಂದಕ್ಷರ ಆಚೀಚೆ ಇಲ್ಲದೆ. ಅಲ್ಲಿಂದ ಸಂತೆ, ಮೂರು ಸಂದರ್ಭ, ಐವತ್ತು ನಿಮಿಷ, ಹತ್ತು ರೂಪಾಯಿ, ಕೊನೆಯ ಸಾಲಿನವರೆಗೆ ನಿಲ್ಲಿಸಲಿಲ್ಲ. ಮೊದಲ ದಿನ ಅವಳು ಹೆಬ್ಬೆಟ್ಟು ಎಲ್ಲಿ ಒತ್ತಲಿ ಎಂದು ಕೇಳಿದ್ದಳಂತೆ. ಮೇಡಂ, ಹೆಬ್ಬೆಟ್ಟು ಬೇಡ, ಕೇಳಿಸಿಕೊಂಡದ್ದನ್ನು ನಿಮ್ಮ ಮಾತಲ್ಲಿ ತಿರುಗಿ ಹೇಳಿ ಎಂದಿದ್ದರಂತೆ. ಸೋಬಾನೆ ಪದಗಳನ್ನು ಒಂದೇ ಸಲ ಕೇಳಿ ಕಲಿತ ತಲೆ ಅದು. ಮೇಡಂ ಮಾತಲ್ಲೇ ತಿರುಗಿ ಹೇಳಿದ್ದಳು.

"ಹಿಂಗೇ ಓದಿ ಹೇಳ್ತಿದ್ದೇನೇ ಇಷ್ಟ್ ವರ್ಷ?" ಎಂದಳು. "ಬ್ಯಾಂಕ್‌ನಾಗೂ?"

"ಇಲ್ಲವ್ವ, ದೇವ್ರಾಣೆ ಇಲ್ಲ."

"ನಿಂಗೆ ದೇವ್ರೆಲ್ಲಿದಾನೆ."

ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿದಳು. ಕೋಪವಿರಲಿಲ್ಲ, ಅದೇ ನನ್ನನ್ನು ಕೊಂದದ್ದು. ಆ ಕ್ಷಣದಲ್ಲಿ ನನಗೆ ಹೊಳೆದದ್ದು ಒಂದೇ: ಹಾಳೆಯ ಕೊನೆಯಲ್ಲಿ ಹೇಳಿದ, ಮೊದಲೇ ಗೊತ್ತುಮಾಡಿಕೊಂಡ ಆ ಒಬ್ಬರು ಬಹುಶಃ ನಾನು. ಈಗ ಆ ಹೊತ್ತು ಬಂದರೆ ಅವಳು ನನ್ನ ಬಳಿ ಬರುವುದಿಲ್ಲ.

ಮುಂದಿನ ಬುಧವಾರ ನಾನೇ ಮೇಡಂಗೆ ಹೇಳಿಕೊಂಡೆ. ಬೈಯುತ್ತಾರೆಂದುಕೊಂಡಿದ್ದೆ. "ಅಮ್ಮನಿಗೆ ಹೇಳಿ, ನನಗಲ್ಲ" ಎಂದರು. ಹೇಳಿದೆ. ಅವ್ವ ಹೂಂ ಎಂದಳು. ಕ್ಷಮಿಸಿದ ಹೂಂ ಅಲ್ಲ, ಕೇಳಿಸಿತು ಎಂಬ ಹೂಂ.

ಪಾಟೀ ಸವಾಲು ನಿಲ್ಲಿಸಿದೆ. ನಿಲ್ಲಿಸಿದ್ದು ಬಾಯಿ ಮಾತ್ರ, ತಲೆಯೊಳಗೆ ಅದು ನಡೆಯುತ್ತಲೇ ಇತ್ತು. ಕಡೂರಿನಲ್ಲಿ ಕ್ಲಾಸು ನಡೆಯುವಾಗ ಹೊರಗೆ ಚಪ್ಪಲಿ ಸದ್ದಾದರೆ ಎದ್ದು ನೋಡುತ್ತಿದ್ದೆ. ಸಂಜೆ ರೈಲು ಅಜ್ಜಂಪುರದ ಸಿಗ್ನಲ್ಲಿನಲ್ಲಿ ನಿಂತರೆ ಇಳಿದು ಹಳಿಯ ಪಕ್ಕ ನಡೆದೇ ಮನೆಗೆ ಬರುತ್ತಿದ್ದೆ.

ಅದು ಒಂದು ಸೋಮವಾರ. ಇತಿಹಾಸದ ಕ್ಲಾಸು. ಬಾಗಿಲಲ್ಲಿ ಅವ್ವ ನಿಂತಿದ್ದಳು. ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಜೀವಮಾನದಲ್ಲಿ ತಾನಾಗಿ ಒಂದು ಟಿಕೆಟ್ಟು ಕೊಂಡವಳಲ್ಲ, ಪಕ್ಕದ ಮನೆಯ ಅತ್ತೆ ಕಟ್ಟಿದ ಬೀಡಿ ಕೊಡಲು ಹೋಗಿದ್ದಾಗ ಹೊರಟು, ರೈಲು ಹತ್ತಿ, ಇಳಿದು, ಕಾಲೇಜು ಯಾವ ಕಡೆ ಎಂದು ಕೇಳಿಕೊಂಡು ಬಂದಿದ್ದಳು. ಮೇಷ್ಟ್ರು, "ಯಾರಮ್ಮ ನೀವು?" ಎಂದರು. ಅವ್ವ ಅವರನ್ನು ನೋಡಲೇ ಇಲ್ಲ.

ನಾನು ಓಡಿಹೋದೆ. ಅವಳು ನನ್ನ ಮಣಿಕಟ್ಟು ಹಿಡಿದಳು. "ಇವತ್ತು ಆಗ್ತಿಲ್ಲ ಕಣೇ. ಸಾಯ್ಬೇಕು ಅನ್ನಿಸ್ತಾ ಇದೆ. ಒಬ್ಳೇ ಇರಕ್ಕೆ ಭಯ."

ಯಾಕೆ ಎಂಬ ಮಾತು ಗಂಟಲವರೆಗೆ ಬಂತು. ನುಂಗಿದೆ. "ಆಸ್ಪತ್ರೆಗೆ ಹೋಗೋಣ ಬಾ" ಎಂದೆ.

ಜಟಕಾ ಹತ್ತಿದೆವು. ಸ್ವಲ್ಪ ದೂರ ಹೋದ ಮೇಲೆ ತಡೆಯಲಾಗಲಿಲ್ಲ. "ಆ ಹಾಳೇಲಿರೋ ಒಬ್ಬರು ಅಂತ ನನ್ನ ಹೆಸರು ಹೇಳಿದ್ದೆಯಾ ಅವ್ವ?"

"ಮೊದಲ್ನೇ ದಿನಾನೇ."

"ನಾನು ಹಂಗೆ ಮಾಡಿದ ಮೇಲೂ ಬದಲಾಯಿಸ್ಲಿಲ್ವಾ?"

"ಬದಲಾಯಿಸ್ಬೇಕು ಅಂತ್ಲೇ ಇದ್ದೆ. ಬೇರೆ ಯಾರಿದಾರೆ ಕಣೇ" ಎಂದಳು. ಹೊಗಳಿಕೆ ಅದಲ್ಲ. ಆದರೆ ನನಗೆ ಸಿಕ್ಕ ಯಾವ ಷೀಲ್ಡಿನ ಮೇಲೂ ಅದಕ್ಕಿಂತ ಭಾರದ ಮಾತು ಕೆತ್ತಿರಲಿಲ್ಲ.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವರು. ಅವ್ವ ತಾನೇ ಹೇಳಿದಳು. ಅವರು ದಾಖಲು ಮಾಡಿಕೊಂಡರು, ನರ್ಸಿನ ಮೇಜಿಗೆ ಹತ್ತಿರದ ಮಂಚ ಕೊಟ್ಟರು, ಜೊತೆಗೊಬ್ಬರು ಸದಾ ಇರಲೇಬೇಕು ಎಂದರು. ಶಿವಮೊಗ್ಗದ ಮನೋವೈದ್ಯರಿಗೆ ತೋರಿಸಲು ಚೀಟಿ ಬರೆದರು. ಅಪ್ಪನಿಗೂ ತರೀಕೆರೆಗೂ ಆಸ್ಪತ್ರೆಯ ಫೋನಿನಿಂದ ಸುದ್ದಿ ಹೋಯಿತು, ಅವ್ವನನ್ನು ಕೇಳಿಯೇ.

ಮಂಚದ ಮೇಲೆ ಕಾಲು ಮಡಿಸಿ ಕೂತ ಅವ್ವ ಗೋಡೆ ನೋಡತೊಡಗಿದಳು. ನಾನು ಸ್ಟೂಲಿನ ಮೇಲೆ.

"ಸುಮ್ಕೆ ಯಾಕ್ ಕೂತಿದೀಯ? ಏನಾರ ಮಾತಾಡು" ಎಂದಳು.

"ಏನು ಮಾತಾಡ್ಲಿ?"

"ಅದೇ ನಿಂದು, ವಾದ. ಸುಮ್ನೆ ಕೂತ್ರೆ ನನ್ ತಲೆ ಅದೇ ಕಡೆ ಹೋಗ್ತದೆ."

"ವಿಷಯ ಕೊಡು ಮತ್ತೆ."

ಅವ್ವ ಯೋಚಿಸಿದಳು. "ರಾಗಿ ಮುದ್ದೆ ಮೇಲೋ, ರೊಟ್ಟಿ ಮೇಲೋ."

ನಾನು ಮುದ್ದೆಯ ಪರ ನಿಂತೆ. ನಾಲ್ಕು ಅಂಶ ಮಂಡಿಸಿದೆ. "ರೊಟ್ಟಿಯೋರ್ ಕಡೇದೂ ಹೇಳು" ಎಂದಳು. ಹೇಳಿದೆ. ಪಕ್ಕದ ಮಂಚದ ಬಾಣಂತಿಯ ತಾಯಿ, "ಮುದ್ದೆ ಕಣಮ್ಮ, ಅದ್ರಾಗೇನ್ ವಾದ" ಎಂದರು. ನರ್ಸಮ್ಮ ರೊಟ್ಟಿಯ ಪಕ್ಷ ಸೇರಿದಳು. ಅವ್ವ ನಗಲಿಲ್ಲ, ಆದರೆ ಗೋಡೆಯಿಂದ ನನ್ನ ಕಡೆ ತಿರುಗಿ ಕೂತಳು.

"ಆ ಮೇಡಮ್ಮ ಬುಧ್ವಾರ ಇಲ್ಲಿಗೇ ಬತ್ತಾರಂತೆ" ಎಂದಳು. "ಅಲ್ಲೀಗಂಟ ಸಾಲ್ತದಾ ನಿನ್ ಮಾತು?"

"ಸಾಲುತ್ತೆ. ಎರಡು ಕಡೆಯದೂ ಇದೆ."

"ಹಂಗಾರೆ ಹೇಳು. ನೀರ್ ಬಾವಿದ್ ಮೇಲೋ, ನಲ್ಲೀದ್ ಮೇಲೋ?"

ಗಂಟಲು ಸರಿಮಾಡಿಕೊಂಡು ಬಾವಿಯಿಂದ ಶುರುಮಾಡಿದೆ.